ಬಿತ್ತನೆ ಬೀಜದ ಸಗಟು ಖರೀದಿ: ರಿಯಾಯಿತಿ ಮತ್ತು ಉದ್ದರಿ ಅವಧಿಯನ್ನು ಕೇಳುವ ಕ್ರಮ

ಮುಂಗಾರಿಗೆ ಮುನ್ನ ರೈತ ಉತ್ಪಾದಕ ಸಂಸ್ಥೆಗಳು ಹಾಗೂ ರೈತ ಗುಂಪುಗಳು ವಿತರಕರಲ್ಲಿ ಸಾಮಾನ್ಯವಾಗಿ ಎರಡು ಬೇಡಿಕೆಗಳನ್ನು ಇಡುತ್ತವೆ. ಹೆಚ್ಚು ಪ್ರಮಾಣದಲ್ಲಿ ಕೊಳ್ಳುವುದರಿಂದ ದರ ಇಳಿಸಬೇಕು ಎಂಬುದು ಮೊದಲನೆಯದು. ಹಣ ಪಾವತಿಗೆ ಹೆಚ್ಚಿನ ಕಾಲಾವಕಾಶ ಬೇಕು ಎಂಬುದು ಎರಡನೆಯದು. ಎರಡೂ ನ್ಯಾಯಯುತವೇ. ಆದರೆ ಎಷ್ಟು ಚೀಲ, ಯಾವ ದಿನಕ್ಕೆ, ಹಣ ಎಂದು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವಿಲ್ಲದಿದ್ದರೆ ವಿತರಕರು ಇವನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ. ಸಂಕರಣ ಮೆಕ್ಕೆಜೋಳದ ಬೀಜವನ್ನು ಉದಾಹರಣೆಯಾಗಿಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೀಜವನ್ನೇ ಆರಿಸಿಕೊಳ್ಳಲು ಕಾರಣವಿದೆ. 45 ಕಿ.ಗ್ರಾಂ ಯೂರಿಯಾ ಚೀಲದ ಗರಿಷ್ಠ ಮಾರಾಟ ದರ ಸರ್ಕಾರದಿಂದಲೇ ನಿಗದಿಯಾಗಿದ್ದು (266 ರೂಪಾಯಿ 50 ಪೈಸೆ), ಮಾರಾಟಗಾರರಿಗೆ ಉಳಿಯುವ ಅಂಚು ಬಹಳ ಕಡಿಮೆ. ಅಲ್ಲಿ ರಿಯಾಯಿತಿ ಕೇಳಿ ಸಮಯ ಕಳೆಯುವುದರಿಂದ ಪ್ರಯೋಜನವಿಲ್ಲ. ಸಂಕರಣ ಬೀಜ, ನೀರಿನಲ್ಲಿ ಕರಗುವ ಗೊಬ್ಬರ, ಸಸ್ಯ ಸಂರಕ್ಷಣಾ ಔಷಧಿಗಳಲ್ಲಿ ಮುದ್ರಿತ ದರಕ್ಕೂ ವಿತರಕರ ಖರೀದಿ ದರಕ್ಕೂ ನಡುವೆ ಮಾತುಕತೆಗೆ ಎಡೆಯಿರುತ್ತದೆ.

ಅಂದಾಜು ಸಿದ್ಧಪಡಿಸುವುದು

ಮಾರ್ಚ್ ತಿಂಗಳಲ್ಲಿ ಸದಸ್ಯರನ್ನು ಕೇಳಿದಾಗ ಅವರು ಹೇಳುವ ವಿಸ್ತೀರ್ಣವು ಆಶಯವೇ ಹೊರತು ಖರೀದಿಯಲ್ಲ. ಮಳೆ ತಡವಾದರೆ ಕೆಲವರು ಬೆಳೆ ಬದಲಿಸುತ್ತಾರೆ, ಕೆಲವರು ರೈತ ಸಂಪರ್ಕ ಕೇಂದ್ರದ ಸಹಾಯಧನದ ಬೀಜ ಪಡೆಯುತ್ತಾರೆ, ಇನ್ನು ಕೆಲವರು ಹಳೆಯ ಬಾಕಿಯ ಕಾರಣದಿಂದ ಪರಿಚಿತ ಅಂಗಡಿಯಲ್ಲೇ ಕೊಳ್ಳಬೇಕಾಗುತ್ತದೆ. ಆದ್ದರಿಂದ ಹೇಳಿದ್ದಕ್ಕೂ ಕೊಂಡದ್ದಕ್ಕೂ ಇರುವ ಅನುಪಾತವನ್ನು ಗುಂಪಿನ ಲೆಕ್ಕಪುಸ್ತಕದಿಂದಲೇ ತೆಗೆಯಬೇಕು.

ಒಂದು ಗುಂಪಿನ ಸದಸ್ಯರು ಹಿಂದಿನ ಮೂರು ವರ್ಷಗಳಲ್ಲಿ ಅನುಕ್ರಮವಾಗಿ 350, 380 ಮತ್ತು 400 ಎಕರೆ ಎಂದು ಹೇಳಿ, ಗುಂಪಿನ ಮೂಲಕ 238, 285 ಮತ್ತು 288 ಎಕರೆಗೆ ಬೀಜ ಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಅನುಪಾತ ಶೇ. 68, 75 ಮತ್ತು 72. ಒಟ್ಟಾರೆ ಸುಮಾರು ಶೇ. 72. ಈ ವರ್ಷ 420 ಎಕರೆ ಎಂದು ಹೇಳಿದ್ದರೆ, ನಿರೀಕ್ಷಿತ ಖರೀದಿ ಸುಮಾರು 300 ಎಕರೆ. ಅತಿ ಕಡಿಮೆ ಅನುಪಾತವಾದ ಶೇ. 68ರಂತೆ 285 ಎಕರೆಯಾಗುತ್ತದೆ. ಅದನ್ನು 280ಕ್ಕೆ ಇಳಿಸಿಕೊಳ್ಳುವುದು ಕ್ಷೇಮ. ಸಹಾಯಧನದ ಬೀಜ ಪಡೆಯುವವರ ವಿಸ್ತೀರ್ಣವನ್ನು ಇದರಿಂದ ಮತ್ತೆ ಕಳೆಯಬಾರದು. ಹಿಂದಿನ ವರ್ಷಗಳ ಅನುಪಾತದಲ್ಲಿಯೇ ಅದು ಕಳೆದುಹೋಗಿದೆ.

ಎಕರೆಗೆ 4 ಕಿ.ಗ್ರಾಂ ತೂಕದ ಎರಡು ಚೀಲಗಳಂತೆ 280 ಎಕರೆಗೆ 560 ಚೀಲ ಬೇಕು. ಇದು ಖಚಿತ ಬೇಡಿಕೆ. ಯಾವ ಪರಿಸ್ಥಿತಿಯಲ್ಲೂ ಗುಂಪು ಎತ್ತಿಕೊಳ್ಳಲೇಬೇಕು. ಉತ್ತಮ ವರ್ಷದ ಶೇ. 75ರಂತೆ 630 ಚೀಲ ಬೇಕಾಗಬಹುದು. ಈ 70 ಚೀಲಗಳ ವ್ಯತ್ಯಾಸವನ್ನು ‘ಜೂನ್ 10ರೊಳಗೆ ತಿಳಿಸುವ ಹೆಚ್ಚುವರಿ ಬೇಡಿಕೆ’ ಎಂದು ಪ್ರತ್ಯೇಕವಾಗಿ ಬರೆಯಿರಿ. 840 ಚೀಲ ಎಂದು ದೊಡ್ಡ ಸಂಖ್ಯೆ ತೋರಿಸಿ ಕಡಿಮೆ ಎತ್ತಿದ ಗುಂಪಿಗೆ ಮರುವರ್ಷ ಅದೇ ವಿತರಕರು ಮುಂಗಡ ಕೇಳುತ್ತಾರೆ. ಬೀಜದ ಬಾಳಿಕೆ ಅವಧಿ ಪರೀಕ್ಷಾ ದಿನಾಂಕದಿಂದ 9 ತಿಂಗಳು ಮಾತ್ರ; ಉಳಿದ ದಾಸ್ತಾನು ಅವರಿಗೆ ನಿಜವಾದ ಹೊರೆ. ಖಚಿತ ಬೇಡಿಕೆ ಏಪ್ರಿಲ್ ಮೊದಲ ವಾರದಲ್ಲೇ ಕೈಸೇರಿದರೆ ಅವರು ಅದನ್ನು ಆಧರಿಸಿ ಕಂಪನಿಗೆ ಬೇಡಿಕೆ ಪಟ್ಟಿ ಸಲ್ಲಿಸಬಹುದು. ರಿಯಾಯಿತಿ ಕೇಳಲು ಗುಂಪಿಗಿರುವ ಬಲ ಇದೇ.

ರಿಯಾಯಿತಿಯೂ ಉದ್ದರಿಯೂ ಒಂದೇ ಹಣ

ಚೀಲಕ್ಕೆ 1,400 ರೂಪಾಯಿ ಎಂದು ಭಾವಿಸಿದರೆ 560 ಚೀಲಗಳ ಮೊತ್ತ 7,84,000 ರೂಪಾಯಿ. ಜೂನ್ 1ಕ್ಕೆ ಸರಬರಾಜಾಗಿ 30 ದಿನಗಳಲ್ಲಿ ಪೂರ್ತಿ ಪಾವತಿಯಾಗುವುದಾದರೆ ವಿತರಕರು ಶೇ. 6 ರಿಯಾಯಿತಿಗೆ ಒಪ್ಪುತ್ತಾರೆ ಎಂದುಕೊಳ್ಳೋಣ. ಅದು 47,040 ರೂಪಾಯಿ.

ಈಗ ಅವಧಿಯ ವಿಚಾರ. 90 ದಿನಗಳ ಉದ್ದರಿ ಎಂದು ಅಭ್ಯಾಸಬಲದಿಂದ ಕೇಳುವವರೇ ಹೆಚ್ಚು. ಜೂನ್ 1ರಿಂದ 90 ದಿನವೆಂದರೆ ಆಗಸ್ಟ್ 30. ಆಗ ಮೆಕ್ಕೆಜೋಳ ಹೊಲದಲ್ಲಿಯೇ ಇರುತ್ತದೆ. ಅಕ್ಟೋಬರಿನಲ್ಲಿ ಕಟಾವಾಗಿ, ತೇವಾಂಶ ಶೇ. 14ಕ್ಕೆ ಇಳಿಯುವವರೆಗೆ ಒಣಗಿಸಿ, ಮಾರಿ ಹಣ ಕೈಸೇರುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ಅಕ್ಟೋಬರಿನ ಮಳೆ ಒಣಗಿಸಲು ಬಿಡದ ವರ್ಷಗಳೂ ಉಂಟು. ಹಾಗಾಗಿ ಕೇಳಬೇಕಾದ ದಿನಾಂಕ ನವೆಂಬರ್ 15.

ಪೂರ್ತಿ ಮೊತ್ತಕ್ಕೆ ಆ ಅವಧಿ ಬೇಕಾಗಿಲ್ಲ. ಅರ್ಧ ಮೊತ್ತ 30 ದಿನಗಳಲ್ಲಿ, ಉಳಿದ 3,92,000 ರೂಪಾಯಿ ನವೆಂಬರ್ 15ಕ್ಕೆ ಎಂದಾದರೆ ವಿತರಕರು ನಾಲ್ಕೂವರೆ ತಿಂಗಳು ಹೆಚ್ಚುವರಿಯಾಗಿ ಕಾಯಬೇಕು. ಅವರ ಬಂಡವಾಳಕ್ಕೆ ತಿಂಗಳಿಗೆ ಶೇ. 1.5 ಬಡ್ಡಿ ತಗಲುವುದಾದರೆ ಆ ವೆಚ್ಚ 26,460 ರೂಪಾಯಿ. ಅದನ್ನು 47,040ರಿಂದ ಕಳೆದರೆ 20,580 ರೂಪಾಯಿ, ಅಂದರೆ ಸುಮಾರು ಶೇ. 2.6 ರಿಯಾಯಿತಿ ಉಳಿಯುತ್ತದೆ. ದೀರ್ಘ ಉದ್ದರಿಯ ಜೊತೆಗೆ ಶೇ. 2.5ರಿಂದ 3ರಷ್ಟು ರಿಯಾಯಿತಿ ಕೇಳುವುದು ವಾಸ್ತವಿಕ. ಶೇ. 6ನ್ನೂ ಆರು ತಿಂಗಳನ್ನೂ ಒಟ್ಟಿಗೆ ಕೇಳಿದಾಗ ‘ಆಗಲಿ’ ಎಂಬ ಉತ್ತರ ಸುಲಭವಾಗಿ ಬಂದರೆ ಎಚ್ಚರ ವಹಿಸಿ. ಮೂಲ ದರವೇ ಏರಿರುವ ಸಂಭವವಿದೆ. ನಗದು ದರ ಮತ್ತು ಉದ್ದರಿ ದರಗಳೆರಡನ್ನೂ ಒಂದೇ ಪತ್ರದಲ್ಲಿ ಬರೆಸಿಕೊಂಡು, ಮುದ್ರಿತ ದರದೊಂದಿಗೆ ಹೋಲಿಸಿದರೆ ಇದು ತಿಳಿಯುತ್ತದೆ.

ಇಲ್ಲಿ ಮತ್ತೊಂದು ಲೆಕ್ಕವನ್ನೂ ಮಾಡಬೇಕು. ಸಹಕಾರ ಸಂಘದಿಂದ ಶೂನ್ಯ ಬಡ್ಡಿ ದರದ ಬೆಳೆ ಸಾಲ ಪಡೆಯುವ, ಅಥವಾ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಸಕಾಲಕ್ಕೆ ತೀರಿಸಿ ವರ್ಷಕ್ಕೆ ಶೇ. 4 ಬಡ್ಡಿ ಮಾತ್ರ ಭರಿಸುವ ಸದಸ್ಯರಿಗೆ ವಿತರಕರ ಉದ್ದರಿ ದುಬಾರಿ. ಅಂಥವರು ಬೀಜ ಎತ್ತುವಾಗಲೇ ಹಣ ಕೊಡಲಿ; ಮೊದಲ ಅರ್ಧ ಮೊತ್ತ ಅವರಿಂದ ಬರುತ್ತದೆ. ಉದ್ದರಿ ಬೇಡಿಕೆಯು ಸಾಲ ಸೌಲಭ್ಯವಿಲ್ಲದ ಸದಸ್ಯರಿಗಷ್ಟೇ ಸೀಮಿತವಾಗಲಿ. ಗೇಣಿದಾರರು ಬಹುಪಾಲು ಈ ವರ್ಗಕ್ಕೆ ಸೇರುತ್ತಾರೆ.

ಪತ್ರದ ಮಾದರಿ

“ಮಾನ್ಯರೇ, ನಮ್ಮ ಸದಸ್ಯರ ಕಳೆದ ಮೂರು ವರ್ಷಗಳ ಖರೀದಿ ವಿವರವನ್ನು ಲಗತ್ತಿಸಿದೆ. ಅದರ ಆಧಾರದಲ್ಲಿ ಈ ಮುಂಗಾರಿಗೆ 4 ಕಿ.ಗ್ರಾಂನ 560 ಚೀಲಗಳನ್ನು ಖಚಿತವಾಗಿ ಖರೀದಿಸುತ್ತೇವೆ. ಇನ್ನೂ 70 ಚೀಲಗಳವರೆಗಿನ ಬೇಡಿಕೆಯನ್ನು ಜೂನ್ 10ರೊಳಗೆ ತಿಳಿಸುತ್ತೇವೆ. ಸರಬರಾಜು ಜೂನ್ 1ರೊಳಗೆ ಆಗಬೇಕು. ಅರ್ಧ ಮೊತ್ತವನ್ನು 30 ದಿನಗಳಲ್ಲಿ, ಉಳಿದುದನ್ನು ನವೆಂಬರ್ 15ರೊಳಗೆ ಪಾವತಿಸುತ್ತೇವೆ. ಈ ಷರತ್ತಿಗೆ ಶೇ. 3 ರಿಯಾಯಿತಿ ಕೋರುತ್ತೇವೆ. ಪೂರ್ತಿ ಮೊತ್ತವನ್ನು 30 ದಿನಗಳಲ್ಲಿ ಕೊಟ್ಟರೆ ಅನ್ವಯವಾಗುವ ದರವನ್ನೂ ದಯವಿಟ್ಟು ತಿಳಿಸಿ. ತೆರೆಯದ ಚೀಲಗಳನ್ನು ಜೂನ್ 30ರವರೆಗೆ ಹಿಂಪಡೆಯುವ ಬಗ್ಗೆಯೂ ಉತ್ತರ ನೀಡಿ.”

ಉತ್ತರ ಲಿಖಿತವಾಗಿಯೇ ಇರಲಿ. ದರ ಇಳಿಸಲು ಒಪ್ಪದ ವಿತರಕರು ಚೀಲ ಹಿಂಪಡೆಯಲು ಅಥವಾ ಹಳ್ಳಿಯವರೆಗೆ ಸಾಗಿಸಿಕೊಡಲು ಒಪ್ಪುವುದುಂಟು, ಅದಕ್ಕೂ ಬೆಲೆಯಿದೆ. ಆದರೆ ಬೆಳೆಯನ್ನು ತಮಗೇ ಮಾರಬೇಕೆಂಬ ಷರತ್ತು ಬಂದರೆ ಒಪ್ಪಬೇಡಿ. ಕ್ವಿಂಟಲಿಗೆ 50 ರೂಪಾಯಿ ಕಡಿಮೆ ಸಿಕ್ಕರೂ, ಎಕರೆಗೆ 20 ಕ್ವಿಂಟಲ್ ಇಳುವರಿಯಲ್ಲಿ 1,000 ರೂಪಾಯಿ ನಷ್ಟ. ಶೇ. 3 ರಿಯಾಯಿತಿಯಿಂದ ಎಕರೆಗೆ ಉಳಿದದ್ದು 84 ರೂಪಾಯಿ ಮಾತ್ರ.

ಉದ್ದರಿ ಖರೀದಿಯಲ್ಲಿ ಬಿಲ್ಲನ್ನು ‘ಹಣ ಕೊಟ್ಟಾಗ ಕೊಡುತ್ತೇವೆ’ ಎನ್ನುವ ರೂಢಿ ಕೆಲವೆಡೆ ಇದೆ. ಸಂಕರಣ ಮೆಕ್ಕೆಜೋಳಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 90. ಮೊಳಕೆ ಕಡಿಮೆಯಾದಾಗ ಕೃಷಿ ಇಲಾಖೆಗೆ ದೂರು ಕೊಡಲು ಬಿಲ್ಲು, ಲಾಟ್ ಸಂಖ್ಯೆಯಿರುವ ಚೀಟಿ ಮತ್ತು ಖಾಲಿ ಚೀಲ ಬೇಕು. ಸರಬರಾಜಿನ ದಿನವೇ ಲಾಟ್ ಸಂಖ್ಯೆ ನಮೂದಿಸಿದ ಬಿಲ್ಲು ಪಡೆಯಿರಿ. ಸಂಸ್ಥೆಯು ಸದಸ್ಯರಿಗೆ ಬೀಜ ಮಾರಾಟ ಮಾಡುವುದಾದರೆ ಬೀಜ (ನಿಯಂತ್ರಣ) ಆದೇಶ, 1983ರ ಪ್ರಕಾರ ಪರವಾನಗಿ ಅಗತ್ಯ. ಏಪ್ರಿಲ್‌ಗೆ ಮುನ್ನವೇ ಅರ್ಜಿ ಸಲ್ಲಿಸಿ.