ಕಾಲು ಊರದ ಮಗು

ಆರು ವರ್ಷದ ಹುಡುಗನನ್ನು ತಾಯಿ ಸೊಂಟದ ಮೇಲೆ ಹೊತ್ತು ತಂದಿದ್ದರು. ಆ ವಯಸ್ಸಿನ ಹುಡುಗರು ಅಮ್ಮನ ಸೊಂಟ ಏರುವುದಿಲ್ಲ, ನಾಚಿಕೆ. ಇವನು ಮಾತ್ರ ಅಮ್ಮನ ಕುತ್ತಿಗೆ ಬಿಗಿಯಾಗಿ ಹಿಡಿದು, ಬಲಗಾಲನ್ನು ಮಂಡಿಯಲ್ಲಿ ಅರ್ಧ ಮಡಚಿ, ಯಾರಿಗೂ ತಗುಲದ ಹಾಗೆ ಇಟ್ಟುಕೊಂಡಿದ್ದ. “ಸಾರ್, ನಾಕ್ ದಿನ ಆಯ್ತು, ಕಾಲು ನೆಲಕ್ಕೆ ಊರ್ತಾನೇ ಇಲ್ಲ” ಅಂದರು ತಾಯಿ.

ನಡೆದದ್ದು ಹೀಗೆ. ಶನಿವಾರ ಶಾಲೆಯ ಬಯಲಲ್ಲಿ ಓಡುವಾಗ ಬಿದ್ದಿದ್ದ. ಎದ್ದು ಮತ್ತೆ ಓಡಿದ್ದ, ಸಂಜೆ ಊಟವನ್ನೂ ಮಾಡಿದ್ದ. ಭಾನುವಾರ ರಾತ್ರಿ ಮಂಡಿಯ ಹತ್ತಿರ ನೋವು ಅಂದ. ಸೋಮವಾರ ಕುಂಟಿದ, ಮೈ ಬಿಸಿಯಾಯಿತು. ಉಳುಕಿರಬೇಕು ಎಂದು ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ನೀವಿದರು. ಅವನು ಕಿರುಚಿದ. ಮಂಗಳವಾರ ಜ್ವರ 103 ಡಿಗ್ರಿಗೆ ಏರಿದಾಗ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಾಗಿದೆ, ಏನೂ ಆಗಿಲ್ಲ ಎಂದು ಹೇಳಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಜ್ವರದ ಸಿರಪ್ ಜೊತೆಗೆ ಒಂದು ಆ್ಯಂಟಿಬಯೋಟಿಕ್ ಸಿರಪ್ಪನ್ನೂ ಕೊಟ್ಟು ಕಳಿಸಿದರು. ಗುರುವಾರ ನಮ್ಮಲ್ಲಿಗೆ ಬಂದರು.

ಇಂಥ ಮಗುವನ್ನು ನೋಡುವಾಗ ನಾನು ನೋವಿರುವ ಜಾಗಕ್ಕೆ ಮೊದಲು ಕೈ ಹಾಕುವುದಿಲ್ಲ. ಒಳ್ಳೆಯ ಕಾಲಿನಿಂದ ಶುರು ಮಾಡುತ್ತೇನೆ. ಮಗುವಿಗೆ ನಂಬಿಕೆ ಬರಬೇಕು, ನನಗೂ ಅದು ಸುಮ್ಮನೆ ಅಳುವುದು ಯಾವಾಗ, ನೋವಿಗೆ ಅಳುವುದು ಯಾವಾಗ ಎಂಬ ವ್ಯತ್ಯಾಸ ತಿಳಿಯಬೇಕು. ಆಮೇಲೆ ಕೆಟ್ಟ ಕಾಲಿನ ಪಾದ, ಹರಡು, ನಿಧಾನಕ್ಕೆ ಮೇಲೆ. ಒಂದೇ ಬೆರಳಿನ ತುದಿಯಿಂದ ಮುಂಗಾಲ ಮೂಳೆಯ ಮೇಲೆ ಅಂಗುಲ ಅಂಗುಲವಾಗಿ ಒತ್ತುತ್ತ ಹೋದೆ. ಹುಡುಗ ಸೂರು ನೋಡುತ್ತ ಮಲಗಿದ್ದ. ಮಂಡಿಚಿಪ್ಪಿನಿಂದ ಮೂರು ಬೆರಳು ಕೆಳಗೆ, ಒಳಮಗ್ಗುಲಿಗೆ ಬೆರಳು ಬಂದದ್ದೇ ತಡ, ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟ. ಅಲ್ಲಿ ಚರ್ಮ ಕೆಂಪಾಗಿರಲಿಲ್ಲ, ಸ್ವಲ್ಪ ಬೆಚ್ಚಗಿತ್ತು, ತುಸು ದಪ್ಪ ಅನ್ನಿಸಿತು, ಅಷ್ಟೇ. ಮಂಡಿಯನ್ನು ಮೆಲ್ಲಗೆ ಮಡಚಿ ಬಿಡಿಸಿದರೆ ಸಹಿಸಿಕೊಳ್ಳುತ್ತಿದ್ದ. ನೋವು ಕೀಲಿನದಲ್ಲ, ಮೂಳೆಯದು ಎಂಬುದು ಅಲ್ಲಿಗೆ ಬಹುಪಾಲು ಖಚಿತವಾಯಿತು.

ಜ್ವರ, ಊರದ ಕಾಲು, ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು. ಈ ಮೂರೂ ಒಟ್ಟಿಗೆ ಕಂಡರೆ, ಬೇರೆ ಕಾರಣ ಸಿಗುವವರೆಗೆ ಮೂಳೆಯೊಳಗೆ ಸೋಂಕಿದೆ ಎಂದೇ ತಿಳಿದು ನಡೆಯಬೇಕು. ವೈದ್ಯರು ಇದನ್ನು ಆಸ್ಟಿಯೊಮೈಲೈಟಿಸ್ ಅನ್ನುತ್ತಾರೆ.

ಗಾಯವೇ ಆಗದ ಮೂಳೆಯೊಳಗೆ ಸೋಂಕು ಹೋಗುವುದು ಹೇಗೆ? ರಕ್ತದ ಮೂಲಕ. ಕೆರೆದುಕೊಂಡ ಕಜ್ಜಿ, ಒಂದು ಕುರು, ಮೂಗಿನ ಒಳಪದರ, ಇಂಥ ಕಡೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಆಗೀಗ ಒಂದಿಷ್ಟು ರಕ್ತಕ್ಕೆ ಇಳಿಯುತ್ತವೆ, ಸಾಮಾನ್ಯವಾಗಿ ದೇಹವೇ ಅವನ್ನು ಮುಗಿಸಿಬಿಡುತ್ತದೆ. ಆದರೆ ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಒಂದು ವಿಶೇಷವಿದೆ. ಮೂಳೆ ಉದ್ದವಾಗುವ ಮೃದ್ವಸ್ಥಿಯ ಪದರದ ಪಕ್ಕಕ್ಕೆ ಬಂದ ಸಣ್ಣ ರಕ್ತನಾಳಗಳು ಅಲ್ಲಿಂದ ಸರಕ್ಕನೆ ಹಿಂದಕ್ಕೆ ತಿರುಗುತ್ತವೆ. ಹೊಳೆಯ ತಿರುವಿನಲ್ಲಿ ನೀರು ನಿಧಾನವಾಗಿ ಹೂಳು ನಿಲ್ಲುವ ಹಾಗೆ, ಈ ತಿರುವಿನಲ್ಲಿ ರಕ್ತ ನಿಧಾನವಾಗಿ ಬ್ಯಾಕ್ಟೀರಿಯಾ ನಿಲ್ಲುತ್ತವೆ. ಮಂಡಿಯ ಮೇಲಿನ ಮತ್ತು ಕೆಳಗಿನ ಮೂಳೆತುದಿಗಳು ಎಲ್ಲಕ್ಕಿಂತ ವೇಗವಾಗಿ ಬೆಳೆಯುವಂಥವು, ಸೋಂಕು ಹೆಚ್ಚಾಗಿ ಕಾಣುವುದೂ ಅಲ್ಲೇ. ಸಣ್ಣ ಪೆಟ್ಟು ಬಿದ್ದ ಜಾಗದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುತ್ತದೆ ಎಂಬ ಅಭಿಪ್ರಾಯವೂ ಇದೆ. ಹಾಗಾಗಿ ಮಗು ಬಿದ್ದಿತ್ತು ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಆದರೆ ಬಿದ್ದದ್ದು ಗೊತ್ತಾದ ಕೂಡಲೇ ಎಲ್ಲರ ಗಮನ ಉಳುಕಿನ ಕಡೆಗೆ ಹೋಗಿಬಿಡುತ್ತದೆ. ಉಳುಕಿಗೆ 103 ಡಿಗ್ರಿ ಜ್ವರ ಬರುವುದಿಲ್ಲ.

ಚರ್ಮದ ಮೇಲೆ ಕುರು ಎದ್ದರೆ ಅದು ಉಬ್ಬುತ್ತದೆ, ಒಡೆಯುತ್ತದೆ. ಮೂಳೆಯೊಳಗಿನ ಕೀವಿಗೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರುತ್ತದೆ, ಒಳಗಿನ ರಕ್ತನಾಳಗಳು ಅಮುಕಿಹೋಗುತ್ತವೆ. ಮಗು ಕಾಲು ಮುಟ್ಟಗೊಡದಷ್ಟು ನೋವು ಈ ಒತ್ತಡದ್ದೇ. ಕೊನೆಗೆ ಕೀವು ಮೂಳೆಯ ಸಣ್ಣ ಸಣ್ಣ ಕೊಳವೆಗಳ ಮೂಲಕ ಹೊರಗೆ ಜಿನುಗಿ, ಮೂಳೆಗೆ ಅಂಟಿಕೊಂಡಿರುವ ಪೊರೆಯನ್ನು ಎಬ್ಬಿಸುತ್ತದೆ. ಮೂಳೆಯ ಹೊರಭಾಗಕ್ಕೆ ರಕ್ತ ಬರುತ್ತಿದ್ದದ್ದು ಆ ಪೊರೆಯಿಂದ. ಒಳಗಿನದೂ ನಿಂತು ಹೊರಗಿನದೂ ನಿಂತರೆ ನಡುವಿನ ಮೂಳೆ ಸಾಯುತ್ತದೆ. ಸತ್ತ ಮೂಳೆಗೆ ರಕ್ತ ಹೋಗುವುದಿಲ್ಲ, ರಕ್ತ ಹೋಗದ ಕಡೆ ಔಷಧವೂ ಹೋಗುವುದಿಲ್ಲ. ಚಿಕ್ಕಂದಿನ ಇಂಥ ಸೋಂಕು ಪೂರ್ತಿ ವಾಸಿಯಾಗದೆ, ಮುಂಗಾಲಲ್ಲಿ ತೂತು ಬಿದ್ದು ವರ್ಷಗಟ್ಟಲೆ ಕೀವು ಸೋರುವ ದೊಡ್ಡವರನ್ನು ನಾನು ನೋಡಿದ್ದೇನೆ. ಮೊದಲ ವಾರದಲ್ಲಿ ಹಿಡಿದಿದ್ದರೆ ಬಹಳ ಮಟ್ಟಿಗೆ ತಪ್ಪಿಸಬಹುದಾಗಿದ್ದ ಕಷ್ಟ ಅದು.

ಹಾಗಾದರೆ ಮಂಗಳವಾರದ ಎಕ್ಸ್‌ರೇ ಏಕೆ ಸರಿಯಾಗಿತ್ತು? ಎಕ್ಸ್‌ರೇಯಲ್ಲಿ ಕಾಣುವುದು ಮೂಳೆಯ ಖನಿಜಾಂಶ. ಅದು ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕರಗುವವರೆಗೆ ಚಿತ್ರದಲ್ಲಿ ಬದಲಾವಣೆ ತೋರುವುದಿಲ್ಲ. ಅದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ವಾರದ ಎಕ್ಸ್‌ರೇಯನ್ನು ನಾವು ತೆಗೆಸುವುದು ಮೂಳೆ ಮುರಿದಿದೆಯೇ, ಗಡ್ಡೆಯಿದೆಯೇ ಎಂದು ನೋಡಲು. ಸೋಂಕಿಲ್ಲ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಹೆತ್ತವರು ಇದೊಂದನ್ನು ನೆನಪಿಡಬೇಕು ಎಂದು ನನಗೆ ತುಂಬ ಆಸೆ. ಎಕ್ಸ್‌ರೇ ಸರಿಯಿದ್ದು ಮಗು ಜ್ವರದಲ್ಲಿ ಕಾಲು ಊರದಿದ್ದರೆ, ಅದೇ ದಿನ ಮಕ್ಕಳ ವೈದ್ಯರೂ ಮೂಳೆ ವೈದ್ಯರೂ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಹುಡುಗನ ರಕ್ತದಲ್ಲಿ ಬಿಳಿ ರಕ್ತಕಣಗಳ ಲೆಕ್ಕ 11,800 ಇತ್ತು, ಗಾಬರಿಪಡುವಂಥದ್ದಲ್ಲ. ಈ ಸೋಂಕಿನಲ್ಲಿ ಅದು ಎಷ್ಟೋ ಸಲ ಹಾಗೆಯೇ ಇರುತ್ತದೆ. ಸುಳಿವು ಕೊಟ್ಟದ್ದು ಸಿಆರ್‌ಪಿ. ಹತ್ತರ ಒಳಗಿರಬೇಕಾದದ್ದು 96 ಇತ್ತು. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುವ, ಚಿಕಿತ್ಸೆ ಹತ್ತಿದರೆ ಬೇಗ ಇಳಿಯುವ ಪ್ರೋಟೀನು ಇದು. ಇಎಸ್‌ಆರ್ ಕೂಡ ಏರುತ್ತದೆ, ಆದರೆ ನಿಧಾನ, ಇಳಿಯಲು ವಾರಗಳೇ ಬೇಕು. ಜೊತೆಗೆ ರಕ್ತವನ್ನು ಕಲ್ಚರ್‌ಗೆ ಕಳಿಸಿದೆವು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುವ ದಾರಿ ಅದು. ಆದರೆ ಆ ಆ್ಯಂಟಿಬಯೋಟಿಕ್ ಸಿರಪ್ ಎರಡು ದಿನ ಹೊಟ್ಟೆಗೆ ಹೋಗಿತ್ತಲ್ಲ. ಮೂಳೆಯೊಳಗಿನ ಸೋಂಕನ್ನು ಕೊಲ್ಲಲು ಆ ಪ್ರಮಾಣ ಸಾಲದು, ರಕ್ತದಲ್ಲಿರುವ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಯದಂತೆ ಮಾಡಲು ಸಾಕು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ರಕ್ತ ತೆಗೆಯುವ ಮೊದಲು ಆ್ಯಂಟಿಬಯೋಟಿಕ್ ಕೊಡಬೇಡಿ ಎಂದು ನಾವು ಹೇಳುವುದು ಇದಕ್ಕೇ. ಮಗು ತೀರ ಸುಸ್ತಾಗಿ, ಸೋಂಕು ಮೈಯೆಲ್ಲ ಹರಡಿದ ಲಕ್ಷಣ ಇದ್ದರೆ ಮಾತ್ರ ಯಾವುದಕ್ಕೂ ಕಾಯುವಂತಿಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಪೊರೆಯ ಕೆಳಗೆ ತೆಳ್ಳಗೆ ದ್ರವ ಕಂಡಿತು. ಎಂಆರ್‌ಐ ಅದನ್ನು ಸ್ಪಷ್ಟ ಮಾಡಿತು: ಮಜ್ಜೆಯಲ್ಲಿ ಸೋಂಕು, ಪೊರೆಯಡಿ ಕೀವು, ಮಂಡಿಕೀಲು ಶುದ್ಧ. ಅಂದು ರಾತ್ರಿಯೇ ಮೂಳೆ ವೈದ್ಯರು ಸಣ್ಣದಾಗಿ ಸೀಳಿ ಕೀವು ತೆಗೆದರು. ಎಲ್ಲ ಮಕ್ಕಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೀವು ಕಟ್ಟುವ ಮೊದಲೇ ಬಂದರೆ ಔಷಧದಲ್ಲೇ ವಾಸಿಯಾಗುವವರೇ ಹೆಚ್ಚು. ಇವನ ಕೀವಿನಲ್ಲಿ ಸ್ಟೆಫೈಲೊಕಾಕಸ್ ಬೆಳೆಯಿತು, ಪುಣ್ಯಕ್ಕೆ ಮಾಮೂಲು ಔಷಧಗಳಿಗೆ ಬಗ್ಗುವ ಬಗೆ. ರಕ್ತನಾಳದ ಮೂಲಕ ಸೆಫಜೋಲಿನ್ ಕೊಟ್ಟೆವು. ಮೂರನೆಯ ದಿನ ಜ್ವರ ಬಿಟ್ಟಿತು, ಐದನೆಯ ದಿನ ಸಿಆರ್‌ಪಿ 30ಕ್ಕೆ ಇಳಿಯಿತು. ಆರನೆಯ ದಿನದಿಂದ ಬಾಯಿಯ ಔಷಧ.

ಹಿಂದೆ ಇಂಥ ಮಕ್ಕಳನ್ನು ಆರು ವಾರ ಆಸ್ಪತ್ರೆಯಲ್ಲೇ ಮಲಗಿಸಿ ಸೂಜಿ ಚುಚ್ಚುತ್ತಿದ್ದೆವು. 2010ರಲ್ಲಿ ಫಿನ್ಲೆಂಡಿನ ವೈದ್ಯರು, ತೊಡಕಿಲ್ಲದ ಮಕ್ಕಳಲ್ಲಿ ಮೊದಲ ಕೆಲವು ದಿನ ಮಾತ್ರ ರಕ್ತನಾಳದಿಂದ ಕೊಟ್ಟು, ಒಟ್ಟು ಇಪ್ಪತ್ತು ದಿನದಲ್ಲಿ ಮುಗಿಸಿದರೂ ಮೂವತ್ತು ದಿನದ್ದಕ್ಕೆ ಸಮನಾದ ಫಲ ಸಿಗುತ್ತದೆ ಎಂದು ತೋರಿಸಿದರು. ತಡವಾಗಿ ಬಂದವರಿಗೆ, ಕೀವು ಹೆಚ್ಚಿದ್ದವರಿಗೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದವರಿಗೆ ಇದು ಸಾಲದು. ನಮ್ಮ ಹುಡುಗನಿಗೆ ಒಟ್ಟು ನಾಲ್ಕು ವಾರ ಕೊಟ್ಟೆವು. ನೋವು ಹೋದ ಮೇಲೆ ಬಾಟಲಿಯನ್ನು ಮರೆತುಬಿಡುವುದು ಸುಲಭ. ಅದಕ್ಕೆ ಒಂದೊಂದು ಡೋಸಿಗೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದು ತಾಯಿಗೆ ಹೇಳಿದ್ದೆ.

ಕಾಲು ನೋವು ಅಂದ ಮಕ್ಕಳಿಗೆಲ್ಲ ಈ ಭಯ ಬೇಡ. ಬೆಳವಣಿಗೆಯ ನೋವು ಸಂಜೆ, ರಾತ್ರಿ ಬರುತ್ತದೆ, ಎರಡೂ ಕಾಲಿಗೆ, ಹೆಚ್ಚಾಗಿ ಮೀನಖಂಡಕ್ಕೆ. ಅಮ್ಮ ನೀವಿದರೆ ಮಗು ನಿದ್ದೆ ಹೋಗುತ್ತದೆ, ಬೆಳಿಗ್ಗೆ ಜಿಗಿಯುತ್ತದೆ. ಡೆಂಗಿಯಲ್ಲಿ ಮೈಕೈಯೆಲ್ಲ ನೋಯುತ್ತದೆ, ಒಂದೇ ಬೆರಳಿನ ಜಾಗವಲ್ಲ. ಮಳೆಗಾಲದಲ್ಲಿ ಜ್ವರ ಮತ್ತು ಮೂಳೆನೋವು ಎಂದ ಕೂಡಲೇ ಡೆಂಗಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದಾಗ ಸಮಾಧಾನಪಟ್ಟು ಮನೆಗೆ ಹೋದವರಿದ್ದಾರೆ. ಆಗಲೂ ಕಾಲು ಊರುತ್ತದೆಯೇ ಎಂಬುದನ್ನೇ ನೋಡಬೇಕು. ವಾರಗಟ್ಟಲೆ ಮೂಳೆನೋವು, ಬಿಳಿಚಿಕೊಂಡ ಮುಖ, ಮೈಮೇಲೆ ನೀಲಿ ಕಲೆ ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಮಕ್ಕಳಲ್ಲಾದರೆ ಸಿಕಲ್ ಸೆಲ್ ರೋಗವನ್ನೂ ನೆನೆಯಬೇಕು.

ಸೊಂಟದ ಕೀಲಿನದು ಇನ್ನೂ ಅವಸರ. ಅದು ಆಳದಲ್ಲಿದೆ, ಬಾವು ಹೊರಗೆ ಕಾಣದು. ಅಲ್ಲಿ ಕೀವು ನಿಂತರೆ ಕೀಲಿನ ಮೃದ್ವಸ್ಥಿ ಬೇಗ ಹಾಳಾಗುತ್ತದೆ. ಮಗು ತೊಡೆಯನ್ನು ಮಡಚಿ ಹೊರಕ್ಕೆ ವಾಲಿಸಿ ಮಲಗಿ, ಡಯಾಪರ್ ಬದಲಿಸಲೂ ಬಿಡದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಎಳೆಗೂಸಿನಲ್ಲಂತೂ ಜ್ವರವೇ ಇಲ್ಲದಿರಬಹುದು. ಎಣ್ಣೆನೀರು ಹಾಕುವಾಗ ಒಂದು ಕೈಯನ್ನೋ ಕಾಲನ್ನೋ ಕೂಸು ಆಡಿಸದೆ, ಅದನ್ನು ಎತ್ತಿದಾಗ ಮಾತ್ರ ಚೀರುವುದೇ ಅಲ್ಲಿ ಸಿಗುವ ಸುಳಿವು. ಮೊದಲು ಗಮನಿಸುವವರು ಸಾಮಾನ್ಯವಾಗಿ ನೀರು ಹಾಕುವ ಅಜ್ಜಿಯೇ. ಆಕೆ ಹೇಳಿದರೆ ನಂಬಿ.

ಮೂರನೆಯ ವಾರ ಹುಡುಗ ಮತ್ತೆ ಬಂದ. ಇನ್ನೂ ಪ್ಲಾಸ್ಟರ್ ಪಟ್ಟಿಯಲ್ಲಿದ್ದ, ದುರ್ಬಲ ಮೂಳೆ ಮುರಿಯದಿರಲಿ ಎಂದು. ಎಕ್ಸ್‌ರೇ ತೆಗೆಸಿದೆವು. ಈಗ ಅದರಲ್ಲಿ ಎಲ್ಲವೂ ಕಾಣುತ್ತಿತ್ತು: ಮಂಡಿಯ ಕೆಳಗೆ ಕರಗಿದ ಒಂದು ಮಸುಕು ಮಚ್ಚೆ, ಮೂಳೆಯ ಅಂಚಿಗೆ ಹೊಸ ಮೂಳೆಯ ಬಿಳಿ ಗೆರೆ. ತಾಯಿ ಹೆದರಿ ಕೇಳಿದರು, “ಅವತ್ತು ಏನೂ ಇರ್ಲಿಲ್ಲ, ಇವತ್ತು ಇಷ್ಟೊಂದು ಕಾಣ್ತಿದೆ, ಜಾಸ್ತಿ ಆಗಿದ್ಯಾ ಸಾರ್?” ಸಿಆರ್‌ಪಿ ಅಂದು 4 ಇತ್ತು. “ಇಲ್ಲಮ್ಮ, ಇದು ವಾಸಿಯಾಗ್ತಿರೋ ಗುರುತು” ಅಂದೆ. ಬೆಳವಣಿಗೆಯ ಪದರಕ್ಕೆ ಪೆಟ್ಟು ಬಿದ್ದಿದ್ದರೆ ಕಾಲು ಗಿಡ್ಡವಾಗಬಹುದು, ವಾಲಬಹುದು, ಅದು ತಿಳಿಯುವುದು ತಿಂಗಳುಗಳ ಮೇಲೆ. ಹಾಗಾಗಿ ಎರಡೂ ಕಾಲಿನ ಅಳತೆಯನ್ನು ಕಡತದಲ್ಲಿ ಬರೆದು, ಮುಂದಿನ ತಪಾಸಣೆಯ ದಿನ ಕೊಟ್ಟು ಕಳಿಸಿದೆ.