ಮೂರು ಫ್ಲೋರಿನ್, ಮೂರು ಆಕಾರ: ಪಿಯುಸಿ ಹುಡುಗರಿಗೆ ಎಲೆಕ್ಟ್ರಾನ್ ಜೋಡಿಗಳ ಜಗಳ ಹೇಳಿಕೊಡೋದು ಹೇಗೆ?

ಫಸ್ಟ್ ಪಿಯುಸಿ ಓದುವ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಮೂರು ಸೂತ್ರ ಬರೆಯಿರಿ: BF₃, NF₃, ClF₃. ಮೂರರಲ್ಲೂ ನಡುವೆ ಒಂದು ಪರಮಾಣು, ಅದಕ್ಕೆ ಅಂಟಿಕೊಂಡ ಮೂರು ಫ್ಲೋರಿನ್. ಇವುಗಳ ಆಕಾರ ಏನು ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ಮೂರೂ ತ್ರಿಕೋನ." ಉತ್ತರ ಸಹಜವೇ. ಆದರೆ ನಿಜದಲ್ಲಿ BF₃ ಮಾತ್ರ ಚಪ್ಪಟೆ ತ್ರಿಕೋನ. NF₃ ಮೂರು ಕಾಲಿನ ಸ್ಟೂಲಿನ ಹಾಗೆ ನಿಂತಿರುತ್ತೆ. ClF₃ ಇಂಗ್ಲಿಷಿನ ಟಿ ಅಕ್ಷರದ ಹಾಗಿದೆ. ಸೂತ್ರದಲ್ಲಿ ಕಾಣದ ಯಾವುದೋ ಒಂದು ಸಂಗತಿ ಆಕಾರವನ್ನು ತೀರ್ಮಾನಿಸುತ್ತಿದೆ. ಅದೇನು ಅನ್ನೋದನ್ನು ಹುಡುಗರೇ ಕಂಡುಕೊಳ್ಳುವ ಹಾಗೆ ಹೇಗೆ ಹೇಳಿಕೊಡಬಹುದು ಅಂತ ಇಲ್ಲಿ ನೋಡೋಣ.

ನಮ್ಮಲ್ಲಿ ಬಹಳ ಜನ ಈ ಪಾಠವನ್ನು ಒಂದು ಟೇಬಲ್ ಆಗಿ ಬಾಯಿಪಾಠ ಮಾಡಿಯೇ ಸಿಇಟಿ ದಾಟಿ ಬಂದವರು. ಟೇಬಲ್‌ನಲ್ಲಿರುವ ಅಣು ಕೇಳಿದರೆ ಮಾರ್ಕ್ಸ್ ಬರುತ್ತೆ, ಇಲ್ಲದ ಅಣು ಕೇಳಿದರೆ ಕೈ ನಿಲ್ಲುತ್ತೆ. ಆದರೆ ಆ ಟೇಬಲ್ ಇಡೀ ಹುಟ್ಟುವುದು ಒಂದೇ ಮಾತಿನಿಂದ: ನಡುವಿನ ಪರಮಾಣುವಿನ ಹೊರಕವಚದಲ್ಲಿರುವ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಸಾಧ್ಯವಾದಷ್ಟು ದೂರ ಹೋಗಿ ನಿಲ್ಲುತ್ತವೆ. 1940ರಲ್ಲಿ ಸಿಡ್ಜ್‌ವಿಕ್ ಮತ್ತು ಪೊವೆಲ್ ಈ ವಿಚಾರ ಮುಂದಿಟ್ಟರು. 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಇವತ್ತು ಪಿಯುಸಿಯಲ್ಲಿ ಓದುವ ರೂಪಕ್ಕೆ ತಂದರು.

ಮೊದಲು ಎಣಿಕೆ

ಹುಡುಗರು ಎಡವುವುದು ಇಲ್ಲೇ. ಅವರು ಬಂಧಗಳನ್ನು ಎಣಿಸುತ್ತಾರೆ, ಜೋಡಿಗಳನ್ನು ಎಣಿಸುವುದಿಲ್ಲ. ಹಾಗಾಗಿ ಆಕಾರದ ಮಾತೇ ಎತ್ತದೆ ಮೊದಲು ಲೆಕ್ಕ ಮಾಡಿಸಿ. ನಡುವಿನ ಪರಮಾಣುವಿನ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆಯೋ ಅದಕ್ಕೆ ಪ್ರತಿ ಫ್ಲೋರಿನ್ ಹಂಚಿಕೊಳ್ಳಲು ತರುವ ಒಂದೊಂದನ್ನು ಸೇರಿಸಿ, ಬಂದ ಮೊತ್ತವನ್ನು ಎರಡರಿಂದ ಭಾಗಿಸಿದರೆ ಒಟ್ಟು ಜೋಡಿಗಳು ಸಿಗುತ್ತವೆ. ಅದರಲ್ಲಿ ಬಂಧಕ್ಕೆ ಬಳಕೆಯಾದವನ್ನು ಕಳೆದರೆ ಉಳಿಯುವುದು ಲೋನ್ ಪೇರ್, ಅಂದರೆ ಯಾರ ಜೊತೆಯೂ ಹಂಚಿಕೊಳ್ಳದ ಒಂಟಿ ಜೋಡಿ.

ಬೋರಾನ್‌ಗೆ 3, ಫ್ಲೋರಿನ್‌ಗಳಿಂದ 3, ಒಟ್ಟು 6. ಮೂರು ಜೋಡಿ, ಮೂರೂ ಬಂಧಕ್ಕೇ ಖರ್ಚು. ಒಂಟಿ ಜೋಡಿ ಇಲ್ಲ.
ನೈಟ್ರೊಜನ್‌ಗೆ 5, ಜೊತೆಗೆ 3, ಒಟ್ಟು 8. ನಾಲ್ಕು ಜೋಡಿ, ಅದರಲ್ಲಿ ಒಂದು ಒಂಟಿ.
ಕ್ಲೋರಿನ್‌ಗೆ 7, ಜೊತೆಗೆ 3, ಒಟ್ಟು 10. ಐದು ಜೋಡಿ, ಅದರಲ್ಲಿ ಎರಡು ಒಂಟಿ.

ಇಷ್ಟು ಬರೆದ ಮೇಲೆ ಹಾಳೆ ನೋಡಿದರೆ ಸಾಕು. ಒಂದೇ ಥರ ಕಂಡ ಮೂರು ಸೂತ್ರಗಳ ಒಳಗೆ ಮೂರು, ನಾಲ್ಕು, ಐದು ಜೋಡಿಗಳಿವೆ.

"ಅಕ್ಕಾ, ಎಂಟಕ್ಕಿಂತ ಜಾಸ್ತಿ ಇರಬಾರದು ಅಲ್ವಾ?" ಅನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತೆ. ಎಂಟರ ನಿಯಮ ಗಟ್ಟಿಯಾಗಿ ಹಿಡಿಯುವುದು ಕಾರ್ಬನ್, ನೈಟ್ರೊಜನ್, ಆಕ್ಸಿಜನ್, ಫ್ಲೋರಿನ್ ಇರುವ ಎರಡನೇ ಸಾಲಿನಲ್ಲಿ. ಕ್ಲೋರಿನ್ ಮೂರನೇ ಸಾಲಿನದು, ಗಾತ್ರ ದೊಡ್ಡದು, ಸುತ್ತಲೂ ಐದು ಜೋಡಿಗೆ ಜಾಗವಿದೆ. PF₅ ಇದೆ ಆದರೆ NF₅ ಅನ್ನುವ ಅಣು ಇಲ್ಲ ಅನ್ನುವುದನ್ನು ತೋರಿಸಿ, ಸದ್ಯಕ್ಕೆ ಅಷ್ಟು ಸಾಕು.

ಆಮೇಲೆ ಬಲೂನು

ಈಗ ಜೋಡಿಗಳು ಎಲ್ಲಿ ನಿಲ್ಲುತ್ತವೆ? ಇದಕ್ಕೆ ಬಲೂನಿಗಿಂತ ಒಳ್ಳೆಯ ಉಪಕರಣ ನಮಗೆ ಸಿಕ್ಕಿಲ್ಲ. ಒಂದೇ ಅಳತೆಗೆ ಊದಿದ ಬಲೂನುಗಳ ಬಾಯನ್ನು ಒಂದೇ ಕಡೆ ಸೇರಿಸಿ ಕಟ್ಟಿ. ಮೂರು ಕಟ್ಟಿದರೆ ತಾವಾಗಿಯೇ ಒಂದೇ ಸಮತಲದಲ್ಲಿ 120 ಡಿಗ್ರಿ ಅಂತರದಲ್ಲಿ ನಿಲ್ಲುತ್ತವೆ. BF₃ ಮುಗಿಯಿತು.

ನಾಲ್ಕನೆಯದರಲ್ಲಿ ಪಾಠವಿದೆ. ಹಾಳೆಯ ಮೇಲೆ CH₄ ಬರೆಯುವಾಗ ನಾವೆಲ್ಲ ಪ್ಲಸ್ ಚಿಹ್ನೆಯ ಹಾಗೆ ಬರೆಯುತ್ತೇವೆ, ಹಾಗಾಗಿ ಕೋನ 90 ಡಿಗ್ರಿ ಅಂತ ಹುಡುಗರ ತಲೆಯಲ್ಲಿ ಕೂತುಬಿಡುತ್ತೆ. ನಾಲ್ಕು ಬಲೂನುಗಳನ್ನು ಟೇಬಲ್ ಮೇಲೆ ಒತ್ತಿ ಹಿಡಿದರೆ ಪ್ಲಸ್ ಆಕಾರ ಬರುತ್ತೆ. ಕೈ ಬಿಟ್ಟ ತಕ್ಷಣ ಅದು ಪುಟಿದೆದ್ದು ಚತುರ್ಮುಖಿ ಆಗುತ್ತೆ, ಕೋನ 109.5 ಡಿಗ್ರಿ. ಹಾಳೆ ಚಪ್ಪಟೆ, ಅಣು ಚಪ್ಪಟೆಯಲ್ಲ. ಹೀಗೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಆ ತಪ್ಪು ಮತ್ತೆ ಮಾಡುವುದು ಕಡಿಮೆ.

NF₃ನಲ್ಲಿ ಈ ನಾಲ್ಕರಲ್ಲಿ ಒಂದು ಒಂಟಿ ಜೋಡಿ. ಆಕಾರಕ್ಕೆ ಹೆಸರಿಡುವಾಗ ನಾವು ಪರಮಾಣುಗಳು ಎಲ್ಲಿವೆ ಅಂತ ಮಾತ್ರ ನೋಡುತ್ತೇವೆ. ಒಂಟಿ ಜೋಡಿ ಜಾಗ ಹಿಡಿದಿರುತ್ತೆ, ಆದರೆ ಹೆಸರಿನಲ್ಲಿ ಲೆಕ್ಕಕ್ಕಿಲ್ಲ. ನಾಲ್ಕನೇ ಬಲೂನು ಮೇಲಕ್ಕಿರುವ ಹಾಗೆ ಹಿಡಿದು, ಅದು ಕಾಣಿಸುತ್ತಿಲ್ಲ ಅಂದುಕೊಳ್ಳಿ. ಉಳಿದದ್ದು ಕೆಳಗೆ ಚಾಚಿದ ಮೂರು ಕಾಲು, ನಮ್ಮ ಸ್ಟೂಲ್. ಪುಸ್ತಕದ ಹೆಸರು ತ್ರಿಕೋನ ಪಿರಮಿಡ್.

ಒಂಟಿ ಜೋಡಿಯನ್ನು ಬೇರೆಯವಕ್ಕಿಂತ ದೊಡ್ಡ ಬಲೂನಾಗಿ ಊದಿ. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ಎರಡೂ ಕಡೆಯಿಂದ ಎಳೆಯುವುದರಿಂದ ಅದು ತೆಳ್ಳಗೆ ಚಾಚಿಕೊಂಡಿರುತ್ತೆ. ಒಂಟಿ ಜೋಡಿಗೆ ಒಂದೇ ನ್ಯೂಕ್ಲಿಯಸ್, ಹಾಗಾಗಿ ಅದು ನಡುವಿನ ಪರಮಾಣುವಿನ ಹತ್ತಿರವೇ ಅಗಲವಾಗಿ ಹರಡಿ ಪಕ್ಕದವರನ್ನು ಜಾಸ್ತಿ ಒತ್ತುತ್ತೆ. ಅದಕ್ಕೇ ಅಮೋನಿಯಾದಲ್ಲಿ ಕೋನ 109.5ರಿಂದ ಸುಮಾರು 107ಕ್ಕೆ ಇಳಿದರೆ, NF₃ನಲ್ಲಿ ಸುಮಾರು 102ಕ್ಕೇ ಬರುತ್ತೆ. ಫ್ಲೋರಿನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ನೈಟ್ರೊಜನ್ ಹತ್ತಿರ ಬಂಧದ ಜೋಡಿ ಇನ್ನೂ ತೆಳುವಾಗುತ್ತೆ, ಒತ್ತಿದರೆ ಸುಲಭವಾಗಿ ಸರಿಯುತ್ತೆ.

ಇದೆಲ್ಲ ನಿಜ ಅಂತ ಗೊತ್ತಾಗುವುದು ಹೇಗೆ? ದ್ವಿಧ್ರುವ ಕ್ಷಣ ಅಳೆದು ನೋಡಬಹುದು. BF₃ನಲ್ಲಿ ಮೂರು ಎಳೆತಗಳೂ ಒಂದನ್ನೊಂದು ರದ್ದು ಮಾಡಿಕೊಂಡು ಸೊನ್ನೆ ಬರುತ್ತೆ. NF₃ನಲ್ಲಿ ಸುಮಾರು 0.23 ಡಿಬೈ. ಸಣ್ಣದೇ ಹೌದು, ಆದರೆ ಸೊನ್ನೆಯಲ್ಲ. ಅಣು BF₃ ಥರ ಚಪ್ಪಟೆ ತ್ರಿಕೋನವಾಗಿದ್ದರೆ ಅದು ಸೊನ್ನೆಯೇ ಆಗಬೇಕಿತ್ತು.

ಐದು ಜೋಡಿಯ ಮನೆಯಲ್ಲಿ ಯಾರಿಗೆ ಯಾವ ಕೋಣೆ?

ಐದು ಬಲೂನು ಕಟ್ಟಿದರೆ ಮೂರು ಸೊಂಟದ ಸುತ್ತ ನಿಲ್ಲುತ್ತವೆ, ಒಂದು ಮೇಲೆ, ಒಂದು ಕೆಳಗೆ. ಇಲ್ಲಿಯವರೆಗೆ ಎಲ್ಲ ಜಾಗಗಳೂ ಸಮಾನವಾಗಿದ್ದವು, ಇಲ್ಲಿ ಹಾಗಿಲ್ಲ. ಮೇಲಿನ ಅಥವಾ ಕೆಳಗಿನ ಜಾಗದಲ್ಲಿ ಕೂತವರಿಗೆ 90 ಡಿಗ್ರಿಯಲ್ಲಿ ಮೂವರು ನೆರೆಯವರು. ಸೊಂಟದಲ್ಲಿ ಕೂತವರಿಗೆ 90 ಡಿಗ್ರಿಯಲ್ಲಿ ಇಬ್ಬರೇ, ಇನ್ನಿಬ್ಬರು 120 ಡಿಗ್ರಿ ದೂರ. ತಳ್ಳಾಟ ದೂರ ಹೋದಂತೆ ಬೇಗ ಕಡಿಮೆಯಾಗುವುದರಿಂದ 90 ಡಿಗ್ರಿಯ ಜಗಳಗಳನ್ನು ಮಾತ್ರ ಎಣಿಸಿದರೆ ಸಾಕು.

ClF₃ನ ಎರಡು ಒಂಟಿ ಜೋಡಿಗಳನ್ನು ಕೂರಿಸಲು ಮೂರೇ ದಾರಿ.

ಒಂದನೆಯದು, ಎರಡೂ ಮೇಲೆ-ಕೆಳಗೆ. ಆಗ ಫ್ಲೋರಿನ್‌ಗಳು ಸೊಂಟದ ಸುತ್ತ ತ್ರಿಕೋನವಾಗುತ್ತವೆ. ಪ್ರತಿ ಒಂಟಿ ಜೋಡಿಗೂ ಮೂರು ಬಂಧದ ಜೋಡಿಗಳು 90 ಡಿಗ್ರಿಯಲ್ಲಿ, ಒಟ್ಟು ಆರು ಜಗಳ.

ಎರಡನೆಯದು, ಒಂದು ಮೇಲೆ, ಇನ್ನೊಂದು ಸೊಂಟದಲ್ಲಿ. ಒಂಟಿ ಮತ್ತು ಬಂಧದ ಜೋಡಿಗಳ ನಡುವೆ ಮೂರೇ ಜಗಳ. ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ಎರಡು ಒಂಟಿ ಜೋಡಿಗಳೇ 90 ಡಿಗ್ರಿಯಲ್ಲಿ ಮುಖಾಮುಖಿ. ಎರಡು ದೊಡ್ಡ ಬಲೂನುಗಳು ಅಕ್ಕಪಕ್ಕ. ಇದು ಎಲ್ಲಕ್ಕಿಂತ ಕೆಟ್ಟ ಜಗಳ, ಹಾಗಾಗಿ ಈ ದಾರಿ ಮೊದಲೇ ಹೊರಗೆ.

ಮೂರನೆಯದು, ಎರಡೂ ಸೊಂಟದಲ್ಲಿ. ಒಂಟಿ ಜೋಡಿಗಳ ನಡುವೆ 120 ಡಿಗ್ರಿ ಅಂತರ. ಪ್ರತಿಯೊಂದಕ್ಕೂ 90 ಡಿಗ್ರಿಯಲ್ಲಿ ಎರಡೇ ಬಂಧದ ಜೋಡಿ, ಒಟ್ಟು ನಾಲ್ಕು ಜಗಳ. ಬಂಧದ ಜೋಡಿಗಳ ಮಧ್ಯೆ ಎರಡು ಇವೆ, ಅವು ಎಲ್ಲಕ್ಕಿಂತ ಹಗುರ.

ಆರಕ್ಕಿಂತ ನಾಲ್ಕು ವಾಸಿ, ಮೂರನೆಯದೇ ಗೆಲ್ಲುತ್ತೆ. ಈಗ ಒಂಟಿ ಜೋಡಿಗಳನ್ನು ಕಣ್ಣಿನಿಂದ ಅಳಿಸಿ: ಮೇಲೊಂದು ಫ್ಲೋರಿನ್, ಕೆಳಗೊಂದು, ಪಕ್ಕದಲ್ಲೊಂದು. ಅಡ್ಡ ಮಲಗಿದ ಟಿ. ಎರಡು ದೊಡ್ಡ ಬಲೂನುಗಳು ಹಿಂದಿನಿಂದ ಒತ್ತುವುದರಿಂದ ಕೋನ ಸರಿಯಾಗಿ 90 ಇರದೆ ಸುಮಾರು 87.5 ಡಿಗ್ರಿಗೆ ಬಗ್ಗಿರುತ್ತೆ. ಮೇಲಿನ-ಕೆಳಗಿನ ಬಂಧಗಳ ಉದ್ದ ಸುಮಾರು 170 ಪಿಕೋಮೀಟರ್, ಪಕ್ಕದ ಬಂಧದ್ದು ಸುಮಾರು 160. ಹೆಚ್ಚು ಒತ್ತಡದಲ್ಲಿರುವವರು ದೂರ ಸರಿದಿದ್ದಾರೆ. ನಮ್ಮ ಎಣಿಕೆ ಹೇಳಿದ್ದನ್ನೇ ಅಳತೆಯೂ ಹೇಳುತ್ತಿದೆ.

ಎಲ್ಲಿ ನಿಲ್ಲಿಸಬೇಕು

ಈ ವಿಧಾನ ಆಕಾರ ಹೇಳುತ್ತೆ, ಕೋನದ ನಿಖರ ಸಂಖ್ಯೆ ಹೇಳುವುದಿಲ್ಲ. ನೀರಿನಲ್ಲಿ ನಾಲ್ಕು ಜೋಡಿ, ಎರಡು ಒಂಟಿ, ಹಾಗಾಗಿ ಬಾಗಿದ ಆಕಾರ, 109.5ಕ್ಕಿಂತ ಕಡಿಮೆ ಕೋನ ಅನ್ನಬಹುದು. 104.5 ಅನ್ನುವುದು ಅಳತೆಯಿಂದ ಬಂದದ್ದು. H₂Sಗೂ ಲೆಕ್ಕ ಅದೇ, ಆದರೆ ಕೋನ ಸುಮಾರು 92. "ಒಂದು ಒಂಟಿ ಜೋಡಿಗೆ ಎರಡೂವರೆ ಡಿಗ್ರಿ ಕಳೆಯಿರಿ" ಅಂತ ಕೆಲವರು ಹೇಳಿಕೊಡುವ ಶಾರ್ಟ್‌ಕಟ್ ಅಮೋನಿಯಾ ಮತ್ತು ನೀರಿಗೆ ಹೊಂದುತ್ತೆ, H₂Sನಲ್ಲಿ ಮುರಿದು ಬೀಳುತ್ತೆ. ಅದನ್ನು ಹೇಳಿಕೊಡಬೇಡಿ. ತಾಮ್ರ, ನಿಕ್ಕಲ್‌ನಂಥ ಸಂಕ್ರಮಣ ಲೋಹಗಳ ಸಂಯುಕ್ತಗಳಿಗೂ ಈ ಎಣಿಕೆಯನ್ನು ನಂಬಿ ಹೋಗುವ ಹಾಗಿಲ್ಲ, ಅಲ್ಲಿ ಡಿ ಎಲೆಕ್ಟ್ರಾನ್‌ಗಳ ಕಥೆಯೇ ಬೇರೆ.

ಹುಡುಗರಿಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಟೇಬಲ್ ಮುಚ್ಚಿಟ್ಟು XeF₂ ಕೊಡಿ. ಕ್ಸೆನಾನ್‌ಗೆ 8, ಫ್ಲೋರಿನ್‌ಗಳಿಂದ 2, ಒಟ್ಟು ಐದು ಜೋಡಿ, ಮೂರು ಒಂಟಿ. ಎರಡು ಒಂಟಿ ಜೋಡಿ ಇರುವ ನೀರೇ ಬಾಗಿದೆ, ಮೂರಿದ್ದರೆ ಇನ್ನೂ ಬಾಗಬೇಕು ಅಂತ ಹೇಳಿದರೆ ಅವರು ಇನ್ನೂ ಊಹಿಸುತ್ತಿದ್ದಾರೆ ಅಂತ ಅರ್ಥ, ಬಲೂನು ಮತ್ತೆ ಕೈಗೆ ಕೊಡಿ. ಮೂರು ಒಂಟಿ ಜೋಡಿಗಳೂ ಸೊಂಟದ ಮೂರು ಜಾಗ ಹಿಡಿದವು, ಫ್ಲೋರಿನ್‌ಗಳಿಗೆ ಉಳಿದದ್ದು ಮೇಲೆ ಮತ್ತು ಕೆಳಗೆ, ಹಾಗಾಗಿ ನೇರ ಗೆರೆ, 180 ಡಿಗ್ರಿ ಅಂತ ಹೇಳಿದರೆ ಇನ್ನು ಆ ಟೇಬಲ್ ಅವರಿಗೆ ಬೇಕಿಲ್ಲ.