ಪ್ರಶ್ನೆ ಯಾವ ಮಟ್ಟದ್ದು?

ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ವರ್ಗೀಕರಣ ಕಲಿಕೆಯ ಉದ್ದೇಶಗಳನ್ನು ಆರು ಮಟ್ಟಗಳಲ್ಲಿ ಜೋಡಿಸಿತು. 2001ರ ಪರಿಷ್ಕರಣೆಯಲ್ಲಿ ಅವು ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ ಎಂದಾದವು. ಬಿ.ಎಡ್. ಓದುವವರು ಈ ಹೆಸರುಗಳನ್ನು ಬೇಗ ಕಲಿಯುತ್ತಾರೆ. ಪ್ರಶ್ನೆಯನ್ನು ಸರಿಯಾದ ಮಟ್ಟಕ್ಕೆ ಸೇರಿಸುವುದು ಅಷ್ಟು ಸುಲಭವಲ್ಲ.

ಆವಿಯಾಗುವಿಕೆಯ ಪಾಠವನ್ನೇ ನೋಡಬಹುದು. ‘ಆವಿಯಾಗುವಿಕೆ ಎಂದರೇನು?’ ಎಂಬುದಕ್ಕೆ ನೆನಪು ಸಾಕು. ಕುದಿಯುವಿಕೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಸ್ವಂತ ಮಾತಿನಲ್ಲಿ ಹೇಳಲು ಗ್ರಹಿಕೆ ಬೇಕು. ‘ಮಳೆಗಾಲದಲ್ಲಿ ಬಟ್ಟೆ ಒಣಗಲು ತಡವೇಕೆ?’ ಎಂಬುದು ಅನ್ವಯದ ಪ್ರಶ್ನೆ: ಗಾಳಿಯ ತೇವಾಂಶದ ಬಗ್ಗೆ ಕಲಿತದ್ದನ್ನು ಹೊಸ ಸನ್ನಿವೇಶಕ್ಕೆ ಹಚ್ಚಬೇಕು. ಆದರೆ ಇದೇ ಉದಾಹರಣೆ ಪಠ್ಯದಲ್ಲಿದ್ದರೆ, ಅಥವಾ ಶಿಕ್ಷಕರು ತರಗತಿಯಲ್ಲಿ ಬಿಡಿಸಿದ್ದರೆ, ಪ್ರಶ್ನೆ ಮತ್ತೆ ಸ್ಮರಣೆಗೆ ಇಳಿಯುತ್ತದೆ. ‘ಏಕೆ’, ‘ವಿವರಿಸಿ’ ಎಂಬ ಪದಗಳಷ್ಟೇ ಮಟ್ಟವನ್ನು ನಿರ್ಧರಿಸಲಾರವು. ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮೇಲಿನ ಮಟ್ಟದ ಪ್ರಶ್ನೆ ಉದ್ದವಾಗಿರಬೇಕಿಲ್ಲ, ವಿದ್ಯಾರ್ಥಿಯ ತೀರ್ಪನ್ನು ಕೇಳಬೇಕು. ಒಬ್ಬ ಹುಡುಗಿ ಸಮಪ್ರಮಾಣದ ನೀರನ್ನು ತಟ್ಟೆಯಲ್ಲಿ ಹಾಕಿ ಬಿಸಿಲಲ್ಲೂ, ಲೋಟದಲ್ಲಿ ಹಾಕಿ ನೆರಳಲ್ಲೂ ಇಟ್ಟಳು. ತಟ್ಟೆಯ ನೀರು ಮೊದಲು ಆರಿತು. ಅಗಲವಾದ ಮೇಲ್ಮೈಯೇ ಕಾರಣವೆಂದು ಅವಳು ಬರೆದಳು. ಈ ತೀರ್ಮಾನ ಸರಿಯೇ ಎಂದು ಕೇಳಿದರೆ ಅದು ಮೌಲ್ಯಮಾಪನ. ಮೇಲ್ಮೈ, ಉಷ್ಣತೆ ಎರಡೂ ಒಟ್ಟಿಗೆ ಬದಲಾಗಿರುವುದನ್ನು ವಿದ್ಯಾರ್ಥಿ ಗುರುತಿಸಬೇಕು. ದೋಷವಿಲ್ಲದ ಪ್ರಯೋಗವನ್ನು ರೂಪಿಸಲು ಹೇಳಿದರೆ ಅದು ಸೃಷ್ಟಿ.

ಹೊಂದಿಕೆಯನ್ನು ಪರೀಕ್ಷಿಸಲು ಪಾಠಯೋಜನೆಯ ಉದ್ದೇಶದ ಪಕ್ಕದಲ್ಲಿ ಮಾದರಿ ಉತ್ತರವನ್ನು ಬರೆದಿಡಬೇಕು. ಅಂಕವೆಲ್ಲ ಪಠ್ಯದ ವಾಕ್ಯಕ್ಕೇ ಸಿಗುವಂತಿದ್ದರೆ, ಉದ್ದೇಶ ‘ಅನ್ವಯ’ ಎಂದಿದ್ದರೂ ಪ್ರಶ್ನೆ ಅಳೆಯುವುದು ಸ್ಮರಣೆಯನ್ನೇ.